ಐದು ಗೆಲುವು ಸರಿ, ಆದರೆ ಯಾರ ಮೇಲೆ? ಫಾರ್ಮ್ ಪಟ್ಟಿ ಮತ್ತು ಮುಖಾಮುಖಿ ದಾಖಲೆ ಓದುವ ಕ್ರಮ

ಪ್ರತಿ ದೊಡ್ಡ ಪಂದ್ಯದ ಹಿಂದಿನ ದಿನ ಎರಡು ಚಿತ್ರಗಳು ಓಡಾಡುತ್ತವೆ. ಒಂದರಲ್ಲಿ ಎರಡೂ ತಂಡಗಳ ಕಳೆದ ಆರು ಪಂದ್ಯಗಳು, ಹಸಿರು-ಬೂದು-ಕೆಂಪು ಚುಕ್ಕೆಗಳಾಗಿ. ಇನ್ನೊಂದರಲ್ಲಿ ಅವರಿಬ್ಬರ ಹಳೇ ಲೆಕ್ಕ: ಐದು ಪಂದ್ಯ, ನಾಲ್ಕು ಗೆಲುವು. ಇವೆರಡನ್ನು ನೋಡಿ 'ಇವರೇ ಗೆಲ್ಲೋದು' ಅಂತ ಹೇಳಿ, ಮರುದಿನ ತಲೆ ಕೆರೆದುಕೊಳ್ಳುವವರು ಬಹಳ ಜನ. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಅಂಕಿಗಳಲ್ಲಿ ಸುಳ್ಳಿಲ್ಲ. ಆದರೆ ಎದುರಿಗೆ ಯಾರಿದ್ದರು ಅನ್ನುವ ಒಂದು ಕಾಲಂ ಅವುಗಳಲ್ಲಿ ಇಲ್ಲ. ಆ ಕಾಲಂ ನಾವೇ ಸೇರಿಸಿಕೊಳ್ಳಬೇಕು. ಅದನ್ನು ಹೇಗೆ ಸೇರಿಸುವುದು, ಯಾವ ಕ್ರಮದಲ್ಲಿ ಸೇರಿಸಿದರೆ ನಮಗೆ ನಾವೇ ಮೋಸ ಮಾಡಿಕೊಳ್ಳುವುದಿಲ್ಲ ಅನ್ನುವುದನ್ನು ಒಂದು ಫುಟ್‌ಬಾಲ್ ಲೀಗ್ ಇಟ್ಟುಕೊಂಡು ನೋಡೋಣ. ಲೀಗ್ ಕಾಲ್ಪನಿಕ. ಅದರಲ್ಲಿ 20 ತಂಡಗಳಿವೆ, 18 ಸುತ್ತು ಮುಗಿದಿದೆ. ಗೆದ್ದರೆ 3 ಅಂಕ, ಡ್ರಾಗೆ 1. ಶನಿವಾರ ಹಳದಿ ತಂಡಕ್ಕೂ ನೀಲಿ ತಂಡಕ್ಕೂ ಪಂದ್ಯ.

ಫಾರ್ಮ್ ಪಟ್ಟಿ ಹೀಗಿದೆ. ಕಳೆದ ಆರು ಪಂದ್ಯಗಳಲ್ಲಿ ಹಳದಿಗೆ 4 ಗೆಲುವು, 2 ಡ್ರಾ, 14 ಅಂಕ. ನೀಲಿಗೆ 2 ಗೆಲುವು, 2 ಡ್ರಾ, 2 ಸೋಲು, 8 ಅಂಕ. ಯಾರನ್ನೇ ಕೇಳಿ, ಹಳದಿ ಅಂತಾರೆ.

## ಮೊದಲು ಇಟ್ಟುಕೊಳ್ಳಬೇಕಾದ್ದು

ಮೂರೇ ವಸ್ತು ಸಾಕು. ಇಡೀ ಲೀಗಿನ ಅಂಕಪಟ್ಟಿ ಬೇಕು. ಅದರಲ್ಲಿ ಆಡಿದ ಪಂದ್ಯ, ಗೆಲುವು, ಡ್ರಾ, ಸೋಲು ಬೇರೆಬೇರೆಯಾಗಿ ಇರಬೇಕು. ಎರಡೂ ತಂಡಗಳು ಯಾವ ದಿನ, ಎಲ್ಲಿ, ಯಾರ ಜೊತೆ ಆಡಿದವು ಅನ್ನುವ ಪಟ್ಟಿ ಬೇಕು. ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಬೇಕು, ಅಥವಾ ಕಾಗದ ಪೆನ್ನಾದರೂ ನಡೆಯುತ್ತದೆ. ಎರಡು ತಂಡಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟೇ.

## ಹಂತ 1: ಫಲಿತಾಂಶ ಮುಚ್ಚಿಡಿ, ಎದುರಾಳಿಗಳನ್ನು ಬರೆಯಿರಿ

ಬಹಳ ಜನ ಇಲ್ಲೇ ಎಡವುತ್ತಾರೆ. ಮೊದಲು ಫಲಿತಾಂಶ ನೋಡುತ್ತಾರೆ, ಆಮೇಲೆ ಎದುರಾಳಿ ಗಟ್ಟಿಯೋ ಪೊಳ್ಳೋ ಅಂತ ಯೋಚಿಸುತ್ತಾರೆ. ಅಷ್ಟರಲ್ಲಿ ಮನಸ್ಸು ಒಂದು ಕಡೆ ವಾಲಿರುತ್ತದೆ. ನಮ್ಮ ತಂಡ ಸೋತಿದ್ದರೆ ಎದುರಾಳಿ ಬಲಿಷ್ಠ, ಗೆದ್ದಿದ್ದರೆ ನಮ್ಮವರು ಚೆನ್ನಾಗಿ ಆಡಿದರು. ಹೀಗೆ ಮಾಡಿದರೆ ಯಾವ ತಂಡವನ್ನು ಬೇಕಾದರೂ ಸಮರ್ಥಿಸಬಹುದು.

ಅದಕ್ಕೇ ಫಲಿತಾಂಶದ ಕಾಲಂ ಮುಚ್ಚಿಬಿಡಿ. ಆರು ಪಂದ್ಯಗಳ ಎದುರಾಳಿ ಯಾರು, ಪಂದ್ಯ ತವರಿನಲ್ಲೋ ಹೊರಗೋ, ಇಷ್ಟನ್ನು ಮಾತ್ರ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಹಳದಿ ತಂಡ ಆಡಿದ್ದು 18, 20, 17, 12, 19 ಮತ್ತು 15ನೇ ಸ್ಥಾನದವರ ಜೊತೆ. ಆರರಲ್ಲಿ ನಾಲ್ಕು ತವರಿನಲ್ಲಿ. ನೀಲಿ ತಂಡ ಆಡಿದ್ದು 1, 3, 6, 2, 4 ಮತ್ತು 10ನೇ ಸ್ಥಾನದವರ ಜೊತೆ. ಆರರಲ್ಲಿ ನಾಲ್ಕು ಹೊರಗೆ.

ಇಷ್ಟು ಬರೆದಾಗಲೇ ಬಣ್ಣದ ಚುಕ್ಕೆಗಳ ಮೇಲಿನ ನಂಬಿಕೆ ಅರ್ಧ ಇಳಿಯುತ್ತದೆ. ಆದರೆ ಇಲ್ಲಿಗೇ ನಿಲ್ಲಿಸಿ 'ಹಾಗಾದರೆ ನೀಲಿಯೇ ಮೇಲು' ಅಂದರೆ ಅದೂ ಅಂದಾಜೇ. ಎಷ್ಟು ಕಷ್ಟದ ಪಂದ್ಯಗಳು ಅನ್ನುವುದಕ್ಕೆ ಒಂದು ಸಂಖ್ಯೆ ಬೇಕು.

## ಹಂತ 2: ಪ್ರತಿ ಎದುರಾಳಿ ಎಷ್ಟು ಅಂಕ ಬಿಟ್ಟುಕೊಡುತ್ತದೆ, ಲೆಕ್ಕ ಹಾಕಿ

ಸ್ಥಾನದ ಸಂಖ್ಯೆಯನ್ನೇ ಬಲ ಅಂತ ತೆಗೆದುಕೊಳ್ಳಬೇಡಿ. 7ನೇ ಸ್ಥಾನಕ್ಕೂ 13ನೇ ಸ್ಥಾನಕ್ಕೂ ನಡುವೆ ಕೆಲವೊಮ್ಮೆ ಮೂರು ಅಂಕದ ಅಂತರ ಮಾತ್ರ ಇರುತ್ತದೆ. 1ಕ್ಕೂ 2ಕ್ಕೂ ನಡುವೆ ಹತ್ತು ಅಂಕವೂ ಇರಬಹುದು.

ಅದರ ಬದಲು ಹೀಗೆ ಕೇಳಿ: ಈ ಎದುರಾಳಿಯ ಜೊತೆ ಆಡಿದ ಉಳಿದ ತಂಡಗಳು ಸರಾಸರಿ ಎಷ್ಟು ಅಂಕ ಪಡೆದಿವೆ? ಆ ತಂಡ ಸೋತಾಗಲೆಲ್ಲ ಎದುರಿನವರಿಗೆ 3 ಸಿಕ್ಕಿದೆ, ಡ್ರಾ ಆದಾಗ 1. ಹಾಗಾಗಿ ಸೋಲನ್ನು ಮೂರರಿಂದ ಗುಣಿಸಿ, ಡ್ರಾ ಕೂಡಿಸಿ, ಪಂದ್ಯಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಸ್ಪ್ರೆಡ್‌ಶೀಟಿನಲ್ಲಿ B ಕಾಲಂ ಆಡಿದ ಪಂದ್ಯ, C ಗೆಲುವು, D ಡ್ರಾ, E ಸೋಲು ಅಂತಿದ್ದರೆ:

```
=(3*E2+D2)/B2
```

ಇಲ್ಲಿ ಒಂದು ಎಚ್ಚರ ಬೇಕು. ನಾವು ಅಳೆಯುತ್ತಿರುವ ತಂಡದ ಜೊತೆ ಆಡಿದ ಪಂದ್ಯವನ್ನು ಎದುರಾಳಿಯ ಲೆಕ್ಕದಿಂದ ಮೊದಲು ಕಳೆಯಬೇಕು. ಇಲ್ಲದಿದ್ದರೆ ನಮ್ಮ ತಂಡ ಗೆದ್ದದ್ದರಿಂದಲೇ ಎದುರಾಳಿ ದುರ್ಬಲ ಅಂತ ಕಾಣುತ್ತದೆ, ಆಮೇಲೆ ದುರ್ಬಲರ ಮೇಲೆ ಗೆದ್ದರು ಅಂತ ನಾವೇ ಅಂಕ ಕಡಿಮೆ ಮಾಡುತ್ತೇವೆ. ತನ್ನ ಬಾಲ ತಾನೇ ಕಚ್ಚಿಕೊಂಡ ಹಾಗೆ.

18ನೇ ಸ್ಥಾನದ ತಂಡವನ್ನೇ ನೋಡಿ. 18 ಪಂದ್ಯ, 3 ಗೆಲುವು, 5 ಡ್ರಾ, 10 ಸೋಲು. ಹಳದಿಯ ಎದುರು ಸೋತ ಪಂದ್ಯ ತೆಗೆದರೆ 17 ಪಂದ್ಯ, 9 ಸೋಲು. 27 ಮತ್ತು 5 ಕೂಡಿಸಿದರೆ 32, ಅದನ್ನು 17ರಿಂದ ಭಾಗಿಸಿದರೆ 1.9. ಅಂದರೆ ಈ ತಂಡದ ಜೊತೆ ಆಡಿದವರು ಪಂದ್ಯಕ್ಕೆ ಹತ್ತಿರಹತ್ತಿರ ಎರಡು ಅಂಕ ಹೊತ್ತುಕೊಂಡು ಹೋಗಿದ್ದಾರೆ. ಕಳೆಯದೆ ಬಿಟ್ಟಿದ್ದರೂ ಇಲ್ಲಿ ಅಷ್ಟೇನೂ ವ್ಯತ್ಯಾಸ ಆಗುತ್ತಿರಲಿಲ್ಲ. ಆದರೆ ಸೀಸನ್ ಶುರುವಿನಲ್ಲಿ ತುಂಬಾ ಆಗುತ್ತದೆ. ಆರೇ ಪಂದ್ಯ ಆಡಿ 1 ಗೆಲುವು, 2 ಡ್ರಾ, 3 ಸೋಲು ಇರುವ ತಂಡಕ್ಕೆ ಈ ಸಂಖ್ಯೆ 1.8 ಬರುತ್ತದೆ. ನಮ್ಮ ಎದುರಿನ ಒಂದು ಸೋಲು ಕಳೆದರೆ 1.6ಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಲೀಗಿನಲ್ಲಿ ಏಳೆಂಟು ಸುತ್ತು ಕೂಡ ಆಗಿಲ್ಲದಿದ್ದರೆ ಈ ಲೆಕ್ಕ ಹಾಕಬೇಡಿ. ಎದುರಾಳಿಗಳೇ ಯಾರ ಜೊತೆ ಆಡಿದ್ದಾರೆ ಅನ್ನುವುದು ಆಗ ಇನ್ನೂ ಸಮವಾಗಿ ಹರಡಿರುವುದಿಲ್ಲ. ಅಂಥ ಹೊತ್ತಿನಲ್ಲಿ ಕಳೆದ ಸೀಸನ್ನಿನ ಅಂಕಪಟ್ಟಿಯೇ ವಾಸಿ.

## ಹಂತ 3: ತವರು ಮತ್ತು ಹೊರಗಿನ ವ್ಯತ್ಯಾಸ ಸೇರಿಸಿ

ತವರಿನಲ್ಲಿ ಆಡುವ ತಂಡಗಳು ಒಟ್ಟಾರೆ ಜಾಸ್ತಿ ಅಂಕ ತೆಗೆಯುತ್ತವೆ. ಎಷ್ಟು ಜಾಸ್ತಿ ಅನ್ನುವುದು ಲೀಗಿನಿಂದ ಲೀಗಿಗೆ ಬೇರೆ, ಹಾಗಾಗಿ ನಿಮ್ಮ ಲೀಗಿನದ್ದನ್ನು ನೀವೇ ತೆಗೆಯಿರಿ. ಎಲ್ಲ ತವರು ತಂಡಗಳ ಸರಾಸರಿ, ಎಲ್ಲ ಹೊರಗಿನ ತಂಡಗಳ ಸರಾಸರಿ, ಎರಡರ ಅಂತರದಲ್ಲಿ ಅರ್ಧ. ನಮ್ಮ ಲೀಗಿನಲ್ಲಿ ತವರಿನ ಸರಾಸರಿ 1.6, ಹೊರಗಿನದು 1.2 ಅಂತಿಟ್ಟುಕೊಳ್ಳಿ. ಅಂತರ 0.4, ಅರ್ಧ 0.2. ತವರಿನ ಪಂದ್ಯಕ್ಕೆ 0.2 ಕೂಡಿಸಿ, ಹೊರಗಿನದಕ್ಕೆ 0.2 ಕಳೆಯಿರಿ.

ಕೆಲವರು ಇನ್ನೂ ಜಾಣತನ ಮಾಡಿ, ಎದುರಾಳಿ ಹೊರಗೆ ಆಡಿದ ಪಂದ್ಯಗಳನ್ನು ಮಾತ್ರ ಎಣಿಸುತ್ತಾರೆ. ಕೇಳಲು ಚೆಂದ, ಆದರೆ 17 ಪಂದ್ಯ ಇದ್ದದ್ದು 8ಕ್ಕೆ ಇಳಿಯುತ್ತದೆ. ಎಂಟು ಪಂದ್ಯದಲ್ಲಿ ಒಂದು ಕೊನೇ ನಿಮಿಷದ ಗೋಲು ಇಡೀ ಸಂಖ್ಯೆಯನ್ನು ಅಲ್ಲಾಡಿಸಿಬಿಡುತ್ತದೆ. ನಾನು ಪೂರ್ತಿ ದಾಖಲೆ ಇಟ್ಟುಕೊಂಡು 0.2 ಆಚೀಚೆ ಮಾಡುವುದನ್ನೇ ನೆಚ್ಚುತ್ತೇನೆ.

## ಹಂತ 4: ಈಗ ಫಲಿತಾಂಶ ತೆರೆಯಿರಿ

ಹಂತ 2 ಮತ್ತು 3ರಿಂದ ಬಂದ ಸಂಖ್ಯೆಯನ್ನು 'ನಿರೀಕ್ಷೆ' ಅನ್ನೋಣ. ಲೀಗಿನ ಒಂದು ಸಾಧಾರಣ ತಂಡ ಆ ಎದುರಾಳಿಯ ಜೊತೆ, ಆ ಮೈದಾನದಲ್ಲಿ ಆಡಿದ್ದರೆ ಸರಾಸರಿ ಅಷ್ಟು ಅಂಕ ತರುತ್ತಿತ್ತು ಅಂತ ಅದರ ಅರ್ಥ. ಅದರ ಪಕ್ಕದಲ್ಲಿ ನಿಜವಾಗಿ ಬಂದ ಅಂಕ ಬರೆಯಿರಿ.

ಹಳದಿ ತಂಡ:

| ಎದುರಾಳಿಯ ಸ್ಥಾನ | ಎಲ್ಲಿ | ನಿರೀಕ್ಷೆ | ಬಂದ ಅಂಕ |
|---|---|---|---|
| 18 | ತವರು | 2.1 | 3 |
| 20 | ತವರು | 2.4 | 3 |
| 17 | ಹೊರಗೆ | 1.6 | 1 |
| 12 | ತವರು | 1.7 | 1 |
| 19 | ತವರು | 2.2 | 3 |
| 15 | ಹೊರಗೆ | 1.5 | 3 |
| ಒಟ್ಟು | | 11.5 | 14 |

ನೀಲಿ ತಂಡ:

| ಎದುರಾಳಿಯ ಸ್ಥಾನ | ಎಲ್ಲಿ | ನಿರೀಕ್ಷೆ | ಬಂದ ಅಂಕ |
|---|---|---|---|
| 1 | ಹೊರಗೆ | 0.3 | 0 |
| 3 | ತವರು | 1.0 | 1 |
| 6 | ಹೊರಗೆ | 0.9 | 3 |
| 2 | ಹೊರಗೆ | 0.4 | 0 |
| 4 | ತವರು | 1.1 | 1 |
| 10 | ಹೊರಗೆ | 1.2 | 3 |
| ಒಟ್ಟು | | 4.9 | 8 |

ಹಳದಿ ತಂಡ ನಿರೀಕ್ಷೆಗಿಂತ 2.5 ಅಂಕ ಜಾಸ್ತಿ ತಂದಿದೆ. ನೀಲಿ 3.1 ಜಾಸ್ತಿ ತಂದಿದೆ. ಚುಕ್ಕೆಗಳ ಚಿತ್ರದಲ್ಲಿ ಆರು ಅಂಕದ ಅಂತರವಿದ್ದ ಕಡೆ ಈಗ ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ.

ನೀಲಿಯ ಎರಡು ಸೋಲುಗಳನ್ನು ಗಮನಿಸಿ. ಚಿತ್ರದಲ್ಲಿ ಅವು ದಪ್ಪ ಕೆಂಪು ಚುಕ್ಕೆಗಳು. ಇಲ್ಲಿ ಅವು ಕಳೆದದ್ದು ಬರೀ 0.7 ಅಂಕ, ಏಕೆಂದರೆ ಮೊದಲೆರಡು ಸ್ಥಾನದವರ ಅಂಗಳದಲ್ಲಿ ಬಹುತೇಕ ಎಲ್ಲರೂ ಸೋತೇ ಬರುತ್ತಾರೆ. ಅದೇ ಹಳದಿ ತಂಡ 12ನೇ ಸ್ಥಾನದವರ ಜೊತೆ ತವರಿನಲ್ಲಿ ಮಾಡಿಕೊಂಡ ಡ್ರಾ ಒಂದೇ 0.7 ಕಳೆದಿದೆ. ಬೂದು ಚುಕ್ಕೆ ಒಂದು, ಕೆಂಪು ಚುಕ್ಕೆ ಎರಡು, ನಷ್ಟ ಮಾತ್ರ ಒಂದೇ. ಫಾರ್ಮ್ ಪಟ್ಟಿ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದು ಇದರಲ್ಲೇ ಇದೆ.

## ಹಂತ 5: ಈ ಅಂತರವನ್ನು ಎಷ್ಟು ನಂಬಬೇಕು?

ಈಗ ಹೊಸ ತಪ್ಪು ಮಾಡುವ ಹೊತ್ತು. 3.1 ಅನ್ನುವುದು 2.5ಕ್ಕಿಂತ ಜಾಸ್ತಿ, ಆದ್ದರಿಂದ ನೀಲಿ ಗೆಲ್ಲುತ್ತದೆ ಅಂತ ಹೇಳಲು ಬಾಯಿ ತುರಿಸುತ್ತದೆ. ಹೇಳಬೇಡಿ.

ಒಂದೇ ಪಂದ್ಯದಲ್ಲಿ ಅಂಕ 0, 1 ಅಥವಾ 3 ಬರುತ್ತದೆ, ನಡುವೆ ಏನೂ ಇಲ್ಲ. ಸಮಬಲದ ಪಂದ್ಯದಲ್ಲಿ ಸರಾಸರಿಯಿಂದ ಸುಮಾರು 1.3 ಅಂಕ ಆಚೀಚೆ ಆಗುವುದು ಮಾಮೂಲು. ಆರು ಪಂದ್ಯ ಕೂಡಿಸಿದರೆ ಈ ಏರಿಳಿತ ಸುಮಾರು 3 ಅಂಕದಷ್ಟಾಗುತ್ತದೆ. ಅಂದರೆ ಪೂರ್ತಿ ಸಾಧಾರಣವಾದ ತಂಡವೂ ಸುಮ್ನೆ ಅದೃಷ್ಟದಿಂದ ಆರು ಪಂದ್ಯದಲ್ಲಿ 3 ಅಂಕ ಜಾಸ್ತಿ ತರಬಹುದು, ಹಾಗೇ 3 ಅಂಕ ಕಳೆದುಕೊಳ್ಳಲೂಬಹುದು. ನಮ್ಮ ಎರಡೂ ತಂಡಗಳು ಆ ಗೆರೆಯ ಆಸುಪಾಸಿನಲ್ಲೇ ಇವೆ. ಅವೆರಡರ ನಡುವಿನ 0.6 ಅಂತೂ ಗಾಳಿಗೆ ಹಾರುವ ಹೊಟ್ಟು.

ಹಾಗಾದರೆ ಗಟ್ಟಿಯಾದದ್ದು ಬೇಕೆಂದರೆ ಏನು ಮಾಡಬೇಕು? ಆರು ಬಿಟ್ಟು 18 ಪಂದ್ಯಕ್ಕೂ ಇದೇ ಲೆಕ್ಕ ಹಾಕಿ. ಪಂದ್ಯ ಮೂರು ಪಟ್ಟಾದರೆ ಒಟ್ಟು ಏರಿಳಿತ ಮೂರು ಪಟ್ಟಾಗುವುದಿಲ್ಲ, ಹೆಚ್ಚುಕಡಿಮೆ 1.7 ಪಟ್ಟು ಮಾತ್ರ ಆಗುತ್ತದೆ. ಹಾಗಾಗಿ ಪಂದ್ಯಕ್ಕೆ ಸರಾಸರಿ ಹಿಡಿದರೆ ಅದೃಷ್ಟದ ಪಾಲು ಇಳಿಯುತ್ತದೆ. 'ಇತ್ತೀಚಿನದು' ಅನ್ನುವ ಮಾತಿಗೆ ಮರುಳಾಗಿ ನಾವು ಮೂರನೇ ಎರಡು ಭಾಗ ಮಾಹಿತಿಯನ್ನು ಎಸೆಯುತ್ತೇವೆ. ಒಳ್ಳೇ ಕಾರಣ ಇದ್ದರೆ ಎಸೆಯಿರಿ: ಕೋಚ್ ಬದಲಾದರು, ಮುಖ್ಯ ಗೋಲ್‌ಕೀಪರ್ ಗಾಯಗೊಂಡರು, ಆಟದ ಪದ್ಧತಿಯೇ ಬದಲಾಯಿತು. ಆಗ ಆ ದಿನಾಂಕದಿಂದ ಎಣಿಸಿ. ಕಾರಣ ಇಲ್ಲದೆ ಆರು ಅಂತ ಕತ್ತರಿಸಿದರೆ ಅದು ಚಿತ್ರ ಮಾಡಿದವರ ಜಾಗಕ್ಕೆ ಹೊಂದಿದ ಸಂಖ್ಯೆ, ಅಷ್ಟೇ.

ನಮ್ಮ ಲೀಗಿನಲ್ಲಿ 18 ಪಂದ್ಯಕ್ಕೆ ಹಳದಿಗೆ 27 ಅಂಕ, ನೀಲಿಗೆ 29. ಎಲ್ಲರೂ ಎಲ್ಲರ ಜೊತೆ ಆಡುವ ಲೀಗಿನಲ್ಲಿ ಸುಲಭದ ಪಂದ್ಯಗಳು ಈಗ ಸಾಲಾಗಿ ಬಂದಿವೆ ಅಂದರೆ ಕಷ್ಟದವು ಆಗಲೇ ಮುಗಿದಿವೆ, ಇಲ್ಲವೇ ಮುಂದೆ ಕಾದಿವೆ. ಸೀಸನ್ ಮುಗಿಯುವಾಗ ಇದು ಸರಿಹೋಗುತ್ತದೆ. ಅದಕ್ಕೇ ಕೊನೆಯ ಅಂಕಪಟ್ಟಿಯನ್ನು ನಂಬಬಹುದು, ನಡುವಿನ ಆರು ಪಂದ್ಯದ ತುಂಡನ್ನು ನಂಬಲಾಗದು.

ಕೈಯಲ್ಲಿ ಇಷ್ಟೆಲ್ಲ ಮಾಡಲು ಬೇಜಾರಾದರೆ ಎಲೋ ರೇಟಿಂಗ್ ಇದೆ. ಚೆಸ್‌ನಿಂದ ಬಂದ ಪದ್ಧತಿ. ಫಿಫಾ ಕೂಡ ಪುರುಷರ ರ್‍ಯಾಂಕಿಂಗಿಗೆ 2018ರಿಂದ ಇದರ ಮಾದರಿಯನ್ನೇ ಬಳಸುತ್ತಿದೆ. ದುರ್ಬಲರ ಮೇಲೆ ಗೆದ್ದರೆ ಚೂರು ಏರುತ್ತದೆ, ಬಲಿಷ್ಠರ ಮೇಲೆ ಗೆದ್ದರೆ ಜಾಸ್ತಿ ಏರುತ್ತದೆ. ನಾವು ಹಂತ 2ರಿಂದ 4ರವರೆಗೆ ಮಾಡಿದ್ದನ್ನೇ ಅದು ಪ್ರತಿ ಪಂದ್ಯಕ್ಕೂ ಮಾಡಿಕೊಂಡು ಹೋಗುತ್ತದೆ. ಆದರೆ ಒಮ್ಮೆಯಾದರೂ ಕೈಯಲ್ಲಿ ಮಾಡಿ ನೋಡಿ. ಯಾವ ಪಂದ್ಯದಿಂದ ಎಷ್ಟು ಬಂತು ಅನ್ನುವುದು ರೇಟಿಂಗಿನ ಒಂದು ಸಂಖ್ಯೆಯಲ್ಲಿ ಕಾಣುವುದಿಲ್ಲ.

## ಹಂತ 6: ಮುಖಾಮುಖಿ ದಾಖಲೆಯನ್ನು ಪಂದ್ಯ ಪಂದ್ಯವಾಗಿ ಬಿಡಿಸಿ

ಫಾರ್ಮ್ ಮುಗಿದ ಮೇಲೆಯೇ ಇದಕ್ಕೆ ಕೈ ಹಾಕಿ. ಮೊದಲೇ ನೋಡಿದರೆ '4-1' ಅನ್ನುವುದು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲಿನ ಲೆಕ್ಕವೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಮುಖಾಮುಖಿ ದಾಖಲೆಯಲ್ಲಿ ಎದುರಾಳಿ ಒಬ್ಬರೇ, ಅವರ ಬಲದ ಪ್ರಶ್ನೆ ಎಲ್ಲಿಂದ ಬಂತು ಅಂತ ಕೇಳಬಹುದು. ಅಲ್ಲೇ ಇರುವುದು ಮೋಸ. ಹೆಸರು ಒಂದೇ, ಬಲ ಒಂದೇ ಅಲ್ಲ. ನಾಲ್ಕು ವರ್ಷದ ಹಿಂದಿನ ನೀಲಿ ತಂಡ ಇವತ್ತಿನ ನೀಲಿ ತಂಡವಲ್ಲ. ಹಾಗೇ ಯಾವ ಅಂಗಳದಲ್ಲಿ ಆಡಿದರು ಅನ್ನುವುದರ ಮೇಲೆ ಒಬ್ಬನೇ ಆಟಗಾರ ಎರಡು ಬೇರೆ ಎದುರಾಳಿಗಳಾಗಬಹುದು.

ಟೆನಿಸ್‌ನ ಫೆಡರರ್–ನಡಾಲ್ ಲೆಕ್ಕ ಇದಕ್ಕೆ ಎಲ್ಲಕ್ಕಿಂತ ಒಳ್ಳೇ ಪಾಠ. ಒಟ್ಟು 40 ಪಂದ್ಯ, ನಡಾಲ್ 24, ಫೆಡರರ್ 16. ಇಷ್ಟೇ ನೋಡಿದರೆ ನಡಾಲ್ ಎಲ್ಲೆಡೆ ಮೇಲು. ಬಿಡಿಸಿ ನೋಡಿ: ಆವೆಮಣ್ಣಿನ ಅಂಗಣದಲ್ಲಿ ನಡಾಲ್ 14, ಫೆಡರರ್ 2. ಹಾರ್ಡ್ ಕೋರ್ಟಿನಲ್ಲಿ ಫೆಡರರ್ 11, ನಡಾಲ್ 9. ಹುಲ್ಲಿನಲ್ಲಿ ಫೆಡರರ್ 3, ನಡಾಲ್ 1. ಆವೆಮಣ್ಣು ಬಿಟ್ಟರೆ ಫೆಡರರ್ 14–10ರಿಂದ ಮುಂದಿದ್ದಾರೆ.

ಇದರೊಳಗೆ ಇನ್ನೂ ಒಂದು ಪದರ ಇದೆ. 40ರಲ್ಲಿ 16 ಪಂದ್ಯ ಆವೆಮಣ್ಣಿನಲ್ಲೇ ಯಾಕೆ ನಡೆದವು? ಟೂರ್ನಿಯ ಕೊನೇ ಸುತ್ತುಗಳವರೆಗೆ ಬಂದರೆ ಮಾತ್ರ ಅಗ್ರ ಶ್ರೇಯಾಂಕದ ಇಬ್ಬರು ಎದುರಾಗುತ್ತಾರೆ. ಫೆಡರರ್ ತನಗೆ ಕಷ್ಟದ ಅಂಗಣದಲ್ಲೂ ಮತ್ತೆ ಮತ್ತೆ ಫೈನಲ್ ತನಕ ಹೋದರು, ಅಲ್ಲಿ ನಡಾಲ್ ಕಾದಿರುತ್ತಿದ್ದರು. ಫ್ರೆಂಚ್ ಓಪನ್ ಒಂದರಲ್ಲೇ ಆರು ಸಲ ಎದುರಾಗಿ ಆರೂ ಸೋತರು. ಎರಡನೇ ಸುತ್ತಿನಲ್ಲೇ ಬೇರೆ ಯಾರಿಗೋ ಸೋತು ಮನೆಗೆ ಹೋಗಿದ್ದರೆ ಅವರ ಮುಖಾಮುಖಿ ದಾಖಲೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು! ಚೆನ್ನಾಗಿ ಆಡಿದ್ದಕ್ಕೆ ದಾಖಲೆ ಕೆಟ್ಟಿತು. ಈ ತಿರುವು ಅರ್ಥವಾದವರು ಇನ್ನು ಯಾವ ಮುಖಾಮುಖಿ ಸಂಖ್ಯೆಯನ್ನೂ ಹಾಗೇ ನುಂಗುವುದಿಲ್ಲ.

ಇದೇ ನಡಾಲ್ ಎದುರು ರಷ್ಯಾದ ನಿಕೊಲಾಯ್ ಡೇವಿಡೆಂಕೊ 6–5ರಿಂದ ಮುಂದಿದ್ದಾರೆ. ಆರೂ ಗೆಲುವು ಹಾರ್ಡ್ ಕೋರ್ಟಿನಲ್ಲಿ. ಡೇವಿಡೆಂಕೊ ನಡಾಲ್‌ಗಿಂತ ದೊಡ್ಡ ಆಟಗಾರ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಆದರೆ 6–5ರ ಚಿತ್ರ ಮಾತ್ರ ಅದನ್ನೇ ಹೇಳುತ್ತದೆ.

ಹಾಗಾಗಿ ಪ್ರತಿ ಹಳೇ ಪಂದ್ಯಕ್ಕೂ ನಾಲ್ಕು ಪ್ರಶ್ನೆ ಕೇಳಿ. ಆಗ ಇಬ್ಬರೂ ಅಂಕಪಟ್ಟಿಯಲ್ಲಿ ಎಲ್ಲಿದ್ದರು? ಪಂದ್ಯ ಎಲ್ಲಿ ನಡೆಯಿತು? ಅವತ್ತು ಆಡಿದವರಲ್ಲಿ ಎಷ್ಟು ಜನ ಈಗಲೂ ಇದ್ದಾರೆ? ಮುಖ್ಯ ತಂಡ ಆಡಿತ್ತೋ, ಮೀಸಲು ಆಟಗಾರರೋ?

ನಮ್ಮ ಹಳದಿ–ನೀಲಿ ಲೆಕ್ಕಕ್ಕೆ ಬರೋಣ. ಐದು ಪಂದ್ಯ, ಹಳದಿಗೆ 4 ಗೆಲುವು. ಮೊದಲ ಎರಡು ನಾಲ್ಕು ಸೀಸನ್ ಹಿಂದಿನವು. ನೀಲಿ ಆಗಷ್ಟೇ ಕೆಳಗಿನ ಲೀಗಿನಿಂದ ಬಡ್ತಿ ಪಡೆದು ಬಂದು 17ನೇ ಸ್ಥಾನದಲ್ಲಿ ಮುಗಿಸಿತ್ತು, ಹಳದಿ 5ನೇ ಸ್ಥಾನದಲ್ಲಿತ್ತು. ಅವತ್ತಿನ ಆಟಗಾರರಲ್ಲಿ ಇವತ್ತು ಉಳಿದವರು ಬೆರಳೆಣಿಕೆಯಷ್ಟು. ಮೂರನೆಯದು ಕಪ್ ಪಂದ್ಯ, ಹಳದಿಯ ಅಂಗಳದಲ್ಲಿ. ನೀಲಿ ಏಳು ಮೀಸಲು ಆಟಗಾರರನ್ನು ಇಳಿಸಿತ್ತು. ಈ ಮೂರನ್ನೂ ಪಕ್ಕಕ್ಕಿಡಿ. ಉಳಿದದ್ದು ಕಳೆದ ಸೀಸನ್ನಿನ ಎರಡು ಲೀಗ್ ಪಂದ್ಯ: ನೀಲಿ ತನ್ನ ತವರಿನಲ್ಲಿ ಗೆದ್ದಿತು, ಹಳದಿ ತನ್ನ ತವರಿನಲ್ಲಿ 88ನೇ ನಿಮಿಷದ ಪೆನಾಲ್ಟಿಯಿಂದ 1–0 ಗೆದ್ದಿತು. 4–1 ಅನ್ನುವುದು 1–1 ಆಯಿತು.

## ಹಂತ 7: ಉಳಿದ ಪಂದ್ಯ ಎಷ್ಟು, ಎಣಿಸಿ ನೋಡಿ

ಒಂದು ಪಂದ್ಯವನ್ನೂ ಪಕ್ಕಕ್ಕಿಡದೆ 4–1 ಹಾಗೇ ಉಳಿಯಿತು ಅಂತಿಟ್ಟುಕೊಳ್ಳೋಣ. ಆಗಲಾದರೂ ನಂಬಬಹುದೇ? ನಾಣ್ಯ ಚಿಮ್ಮಿ ನೋಡಿ. ಐದು ಸಲ ಚಿಮ್ಮಿದರೆ ಯಾವುದೋ ಒಂದು ಮುಖ ನಾಲ್ಕು ಅಥವಾ ಐದು ಸಲ ಬೀಳುವ ಸಾಧ್ಯತೆ 32ರಲ್ಲಿ 12, ಅಂದರೆ 37.5%. ಪೂರ್ತಿ ಸಮಬಲದ ಇಬ್ಬರು, ಡ್ರಾ ಇಲ್ಲದ ಆಟದಲ್ಲಿ ಐದು ಸಲ ಎದುರಾದರೆ, ಮೂರಕ್ಕೆ ಒಂದಕ್ಕಿಂತ ಹೆಚ್ಚು ಸಲ ದಾಖಲೆ ಒಬ್ಬರ ಕಡೆ ಹೀಗೆ ವಾಲಿರುತ್ತದೆ. ಅದಕ್ಕೆ 'ಇವರ ಎದುರು ಅವರಿಗೆ ಭಯ' ಅಂತ ಕತೆ ಕಟ್ಟಲು ಜನ ಸಿದ್ಧರಿರುತ್ತಾರೆ.

ದಾಖಲೆ ಉದ್ದವಾಗಿದ್ದರೆ? ವಿಶ್ವಕಪ್ ಕ್ರಿಕೆಟ್‌ನಲ್ಲಿ ಭಾರತ–ಪಾಕಿಸ್ತಾನ ನೋಡಿ. 1992ರಿಂದ 2023ರವರೆಗೆ ಏಕದಿನ ವಿಶ್ವಕಪ್ಪಿನ ಎಂಟೂ ಪಂದ್ಯ ಭಾರತ ಗೆದ್ದಿದೆ. ನಾಣ್ಯ ಎಂಟು ಸಲ ಒಂದೇ ಮುಖ ಬೀಳುವುದು 128ಕ್ಕೆ ಒಂದು ಸಲ. ಹಾಗಾಗಿ ಇದು ಬರೀ ಅದೃಷ್ಟ ಅಂತ ತಳ್ಳಿಹಾಕುವುದು ಸರಿಯಲ್ಲ. ಆದರೆ ಎರಡು ವಿಷಯ ಜೊತೆಯಲ್ಲೇ ಇಡಬೇಕು. ಇಬ್ಬರ ನಡುವಿನ ಎಲ್ಲ ಏಕದಿನ ಪಂದ್ಯ ತೆಗೆದುಕೊಂಡರೆ ಪಾಕಿಸ್ತಾನದ ಗೆಲುವುಗಳೇ ಜಾಸ್ತಿ. ಮತ್ತೆ 1992ರಲ್ಲಿ ಆಡಿದ ಒಬ್ಬರೂ 2023ರಲ್ಲಿ ಇರಲಿಲ್ಲ. ಎಂಟು ಪಂದ್ಯವನ್ನು 31 ವರ್ಷಕ್ಕೆ ಹರಡಿದರೆ ಅದು ಎರಡು ತಂಡಗಳ ದಾಖಲೆಯಲ್ಲ, ಎರಡು ಜರ್ಸಿಗಳ ದಾಖಲೆ. ಆಯಾ ವರ್ಷ ಯಾರು ಎಷ್ಟು ಬಲಿಷ್ಠರಾಗಿದ್ದರು ಅನ್ನುವುದನ್ನು ಪಂದ್ಯ ಪಂದ್ಯವಾಗಿಯೇ ನೋಡಬೇಕು.

2021ರ ಟಿ20 ವಿಶ್ವಕಪ್‌ಗೆ ಮುಂಚೆ ಎರಡೂ ಮಾದರಿ ಸೇರಿಸಿ '12–0' ಅನ್ನುವ ಸಂಖ್ಯೆ ಎಲ್ಲರ ಬಾಯಲ್ಲಿತ್ತು. ಆ ಹನ್ನೆರಡರಲ್ಲಿ ಒಂದು 2007ರ ಪಂದ್ಯ ಟೈ ಆಗಿ, ಬೌಲ್-ಔಟ್‌ನಲ್ಲಿ ತೀರ್ಮಾನವಾದದ್ದು. ದುಬೈನಲ್ಲಿ ಪಾಕಿಸ್ತಾನ 10 ವಿಕೆಟ್‌ಗಳಿಂದ ಗೆದ್ದಿತು. ಒಂದು ಸೋಲಿನಿಂದ ಹಳೇ ದಾಖಲೆ ಸುಳ್ಳಾಯಿತು ಅಂತ ನಾನು ಹೇಳುತ್ತಿಲ್ಲ, ಅದೂ ಅದೇ ತಪ್ಪಿನ ಇನ್ನೊಂದು ಮುಖ. ಆ ದಿನದ ಹನ್ನೊಂದು ಜನರ ಬಗ್ಗೆ ಆ ಸಂಖ್ಯೆಗೆ ಏನೂ ಗೊತ್ತಿರಲಿಲ್ಲ, ಇಷ್ಟೇ.

ನನ್ನ ರೂಢಿ ಇದು: ಈಗಿನ ತಂಡಕ್ಕೆ ಹೊಂದುವ ಹತ್ತು ಪಂದ್ಯವೂ ಸಿಗದಿದ್ದರೆ ಮುಖಾಮುಖಿ ಸಂಖ್ಯೆಗೆ ತೂಕ ಕೊಡುವುದಿಲ್ಲ. ಅದರಿಂದ ಆಟದ ಸುಳಿವು ಮಾತ್ರ ತೆಗೆದುಕೊಳ್ಳುತ್ತೇನೆ. ಎಡಗೈ ಆಟಗಾರನ ಸುತ್ತುವ ಚೆಂಡು ಇನ್ನೊಬ್ಬನ ಬ್ಯಾಕ್‌ಹ್ಯಾಂಡಿಗೆ ಎತ್ತರದಲ್ಲಿ ಏಳುತ್ತದೆ ಅನ್ನುವಂಥ, ಕಣ್ಣಿಗೆ ಕಾಣುವ ಕಾರಣ ಇದ್ದರೆ ಅದಕ್ಕೆ ಬೆಲೆ ಇದೆ. ಕಾರಣ ಹೇಳಲಾಗದಿದ್ದರೆ ಸಂಖ್ಯೆಗೂ ಇಲ್ಲ.

## ಇಷ್ಟು ಮಾಡಿದ ಮೇಲೂ ಎಲ್ಲಿ ಕೆಡುತ್ತದೆ

ಎದುರಾಳಿಯ ಬಲವನ್ನು ನಾವು ಇಡೀ ಸೀಸನ್ನಿನಿಂದ ತೆಗೆದೆವು. ಆದರೆ ಆ ದಿನ ಆ ಎದುರಾಳಿ ಹೇಗಿತ್ತು? ಒಂದನೇ ಸ್ಥಾನದ ತಂಡ ಮೂರು ದಿನದ ಹಿಂದೆ ದೂರದ ಪ್ರಯಾಣ ಮಾಡಿ ಬಂದು, ಅರ್ಧ ತಂಡಕ್ಕೆ ವಿಶ್ರಾಂತಿ ಕೊಟ್ಟಿದ್ದರೆ 0.3 ಅನ್ನುವ ನಿರೀಕ್ಷೆ ತೀರಾ ಕಡಿಮೆ. ಇದನ್ನು ಸಂಖ್ಯೆಯಲ್ಲಿ ಹಿಡಿಯಲು ಹೋಗಬೇಡಿ, ಆ ಸಾಲಿನ ಪಕ್ಕ ಒಂದು ಗುರುತು ಹಾಕಿಡಿ. ಆರು ಸಾಲಿನಲ್ಲಿ ಮೂರಕ್ಕೆ ಗುರುತು ಬಿದ್ದರೆ ಒಟ್ಟು ಮೊತ್ತವನ್ನು ಬಿಟ್ಟುಬಿಡಿ.

ಎರಡನೆಯದು, ಗೆಲುವು ಹೇಗೆ ಬಂತು ಅನ್ನುವುದನ್ನು ಈ ಲೆಕ್ಕ ನೋಡುವುದಿಲ್ಲ. 4–0ಕ್ಕೂ ಮೂರು ಅಂಕ, ಕೊನೇ ನಿಮಿಷದ ಪೆನಾಲ್ಟಿಗೂ ಮೂರು ಅಂಕ. ಗೋಲು ಅಂತರವನ್ನು ಪಕ್ಕದಲ್ಲಿ ಬರೆದುಕೊಂಡರೆ ಸ್ವಲ್ಪ ಸಹಾಯ ಆಗುತ್ತದೆ. ಆದರೆ ಅಲ್ಲೂ ಅದೇ ಪ್ರಶ್ನೆ ಕಾದಿರುತ್ತದೆ: ಕೊನೇ ಸ್ಥಾನದವರ ಮೇಲೆ ಹೊಡೆದ ನಾಲ್ಕು ಗೋಲಿಗೆ ಎಷ್ಟು ಬೆಲೆ?

## ಬೇರೆಯವರು ಕಳಿಸಿದ ಪಟ್ಟಿಯಲ್ಲಿ ಅನುಮಾನ ಪಡಬೇಕಾದ ಗುರುತುಗಳು

'ಕಳೆದ 7 ಪಂದ್ಯದಲ್ಲಿ 6 ಗೆಲುವು' ಅಂತ ಕಂಡರೆ ಮೊದಲು ಎಂಟನೇ ಪಂದ್ಯ ಹುಡುಕಿ. ಬಹುತೇಕ ಸಲ ಅದು ಸೋಲಾಗಿರುತ್ತದೆ. ಐದು, ಆರು, ಹತ್ತು ಅನ್ನುವ ಮಾಮೂಲಿ ಸಂಖ್ಯೆ ಬಿಟ್ಟು ಏಳು, ಹದಿಮೂರು ಅಂತ ಬಂದರೆ ಯಾರೋ ಉತ್ತರ ಮೊದಲು ನೋಡಿ, ಆಮೇಲೆ ಗೆರೆ ಎಳೆದಿದ್ದಾರೆ ಅಂತ ಅರ್ಥ.

'9 ಪಂದ್ಯದಿಂದ ಸೋತಿಲ್ಲ' ಅನ್ನುವುದು ಇನ್ನೊಂದು. ಒಂಬತ್ತರಲ್ಲಿ 2 ಗೆಲುವು, 7 ಡ್ರಾ ಇದ್ದರೆ 27ರಲ್ಲಿ 13 ಅಂಕ. 4 ಗೆದ್ದು, 4 ಸೋತು, 1 ಡ್ರಾ ಮಾಡಿಕೊಂಡ ತಂಡಕ್ಕೂ 13 ಅಂಕವೇ. ಒಂದಕ್ಕೆ ಸೋಲಿಲ್ಲದ ಓಟ ಅಂತ ಹೆಸರು, ಇನ್ನೊಂದಕ್ಕೆ ಏರುಪೇರಿನ ಫಾರ್ಮ್ ಅಂತ.

ಲೀಗ್, ಕಪ್, ಸ್ನೇಹಪಂದ್ಯ ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿದ ಪಟ್ಟಿಯನ್ನು ನಾನು ತೆರೆಯುವುದೇ ಇಲ್ಲ. ಮತ್ತೆ 'ಅವರು ಇವರನ್ನು ಸೋಲಿಸಿದರು, ಇವರು ನಮ್ಮನ್ನು ಸೋಲಿಸಿದರು, ಆದ್ದರಿಂದ…' ಅನ್ನುವ ಸರಪಳಿ ಕಂಡರೆ, ಅದೇ ಅಂಕಪಟ್ಟಿಯಿಂದ ಉಲ್ಟಾ ಸರಪಳಿ ಕಟ್ಟಿ ವಾಪಸ್ ಕಳಿಸಿ. 20 ತಂಡದ ಲೀಗಿನಲ್ಲಿ ಕೊನೇ ಸ್ಥಾನದವರು ಮೊದಲ ಸ್ಥಾನದವರಿಗಿಂತ ಮೇಲು ಅಂತ ತೋರಿಸಲು ಸಾಮಾನ್ಯವಾಗಿ ಮೂರು ನಾಲ್ಕು ಕೊಂಡಿ ಸಾಕು.